ಸೆರಗು ಒಡಲನ್ನು ಸೇರುವ ಜಾಗ

ಕೆಂಪು ಸೆರಗು, ನಡುವೆ ಬಿಳಿ ಪಟ್ಟೆ, ಪಟ್ಟೆಯ ಅಂಚಿನಲ್ಲಿ ಹಣಿಗೆಯ ಹಲ್ಲಿನಂಥ ಗೆರೆ. ಇಷ್ಟು ಕಂಡರೆ ಉತ್ತರ ಕರ್ನಾಟಕದಲ್ಲಿ ಯಾರಾದರೂ ‘ಇಳಕಲ್’ ಎಂದುಬಿಡುತ್ತಾರೆ. ಮಾರುವವರಿಗೂ ಅದು ಗೊತ್ತು. ಹಾಗಾಗಿಯೇ ಅದೇ ಪಟ್ಟೆಯನ್ನು ಅಚ್ಚು ಹಾಕಿದ ಸೀರೆಗಳೂ ಇಳಕಲ್ ಹೆಸರಿನಲ್ಲಿ ಬಿಕರಿಯಾಗುತ್ತವೆ.

ಮೊಬೈಲಿನಲ್ಲಿ ಫೋಟೋ ನೋಡಿ ಸೀರೆ ಕೊಳ್ಳುವವರು ಸಾಮಾನ್ಯವಾಗಿ ಚಿತ್ತಾರವನ್ನೇ ನೋಡುತ್ತಾರೆ. ಚಿತ್ತಾರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಜಾಗವನ್ನು ನಕಲು ಮಾಡುವುದು ಅಷ್ಟು ಸುಲಭವಲ್ಲ. ನೇಯ್ಗೆಯ ಗುರುತು ಸಿಗುವುದು ಅಲ್ಲೇ.

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಸೀರೆಗೆ ಹಾಸು ಹೂಡುವ ಕ್ರಮವೇ ಬೇರೆ. ಒಡಲಿಗೆ ಒಂದು ಹಾಸು, ಅಂಚಿಗೆ ಒಂದು, ಸೆರಗಿಗೆ ಮತ್ತೊಂದು. ಒಡಲಿನ ಹಾಸು ಹೆಚ್ಚಾಗಿ ಹತ್ತಿ. ಅಂಚು ಮತ್ತು ಸೆರಗಿನದು ರೇಷ್ಮೆ ಅಥವಾ ಕೃತಕ ರೇಷ್ಮೆ. ಒಡಲಿನ ಹಾಸಿನ ಎಳೆಗಳ ತುದಿಯನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಒಂದರೊಳಗೊಂದು ಕುಣಿಕೆಯಾಗಿ ಸಿಕ್ಕಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಕೊಂಡಿ ಹಾಕಬೇಕಾದ್ದರಿಂದ ಪ್ರತಿ ಸೀರೆಗೂ ಬೇರೆಯೇ ಹಾಸು ಬೇಕು. ಒಂದೇ ಉದ್ದ ಹಾಸು ಹೂಡಿ ಹತ್ತಾರು ಸೀರೆ ನೇಯ್ದು ಕತ್ತರಿಸಿಕೊಳ್ಳುವಂತಿಲ್ಲ.

ಹತ್ತಿರದ ಫೋಟೋದಲ್ಲಿ ಇದು ಹೇಗೆ ಕಾಣುತ್ತದೆ? ನೀಲಿ ಒಡಲಿನ ಸೀರೆಯೊಂದನ್ನು ತೆಗೆದುಕೊಳ್ಳೋಣ. ಸೆರಗಿನ ಕಡೆ ಸಾಗುವ ನೀಲಿ ಎಳೆಗಳನ್ನು ಒಂದೊಂದಾಗಿ ಕಣ್ಣಲ್ಲೇ ಹಿಂಬಾಲಿಸಿದರೆ ಅವೆಲ್ಲ ಒಂದೇ ಗೆರೆಯಲ್ಲಿ ನಿಲ್ಲುತ್ತವೆ, ಅಲ್ಲಿಂದಲೇ ಕೆಂಪು ಎಳೆ ಶುರುವಾಗುತ್ತದೆ. ಆ ಗೆರೆಯ ಉದ್ದಕ್ಕೂ ಪುಟ್ಟ ಪುಟ್ಟ ಗಂಟಿನಂಥ ಉಬ್ಬು. ಅಂಚಿನ ಎಳೆಗಳು ಮಾತ್ರ ಎಲ್ಲೂ ನಿಲ್ಲದೆ ಒಡಲಿನಿಂದ ಸೆರಗಿನ ಕೊನೆಯವರೆಗೆ ಸಾಗುತ್ತವೆ, ಏಕೆಂದರೆ ಅವುಗಳ ಹಾಸೇ ಬೇರೆ.

ನೀಲಿ ಎಳೆ ಗೆರೆ ದಾಟಿ ಸೆರಗಿನೊಳಕ್ಕೂ ಹೋಗಿದ್ದರೆ ಅಲ್ಲಿ ಕೊಂಡಿಯಿಲ್ಲ. ಬರೀ ಹೊಕ್ಕಿಗೆ ಕೆಂಪು ನೂಲು ಹಾಕಿ ಸೆರಗು ಮಾಡಿದ್ದಾರೆ. ಕೆಂಪಿನಲ್ಲಿ ನೀಲಿ ಬೆರೆತು ಬಣ್ಣ ಮಂಕಾಗಿರುತ್ತದೆ. ಒಂದೇ ಎಳೆ ಅರ್ಧ ನೀಲಿ, ಅರ್ಧ ಕೆಂಪು ಇದ್ದು, ನಡುವೆ ಬಣ್ಣ ಹರಡಿದಂತಿದ್ದರೆ ಅದು ಅಚ್ಚು ಅಥವಾ ಬಣ್ಣದಲ್ಲಿ ಅದ್ದಿದ್ದು. ಹಿಂಬದಿಯ ಫೋಟೋ ಕೇಳಿದರೆ ಅನುಮಾನ ಇನ್ನೂ ಬೇಗ ತೀರುತ್ತದೆ. ಅಚ್ಚು ಹಾಕಿದ ಬಟ್ಟೆಯ ಹಿಂಬದಿ ಸಾಮಾನ್ಯವಾಗಿ ಪೇಲವ. ಬೇರೆ ಬಟ್ಟೆ ತಂದು ಜೋಡಿಸಿದ ಸೆರಗಿಗೆ ಹೊಲಿಗೆ ಇದ್ದೇ ಇರುತ್ತದೆ.

ಕಂಚಿಯ ಸೀರೆಯಲ್ಲಿ ನೋಡಬೇಕಾದ ಜಾಗ ಒಡಲು ಮತ್ತು ಅಂಚಿನ ನಡುವಿನದು. ಅಲ್ಲಿಯ ಕೊರ್ವೈ ನೇಯ್ಗೆಯಲ್ಲಿ ಮೂರು ಲಾಳಿಗಳು ಓಡುತ್ತವೆ: ಒಡಲಿಗೊಂದು, ಎರಡು ಅಂಚುಗಳಿಗೆ ಒಂದೊಂದು. ಒಡಲಿನ ಹೊಕ್ಕು ಅಂಚಿನ ಬಳಿ ಬಂದು, ಅಂಚಿನ ಹೊಕ್ಕಿನೊಡನೆ ಸಿಕ್ಕಿಕೊಂಡು ಹಿಂದಿರುಗುತ್ತದೆ. ಹಸಿರು ಒಡಲಿಗೆ ಕೆಂಪು ಅಂಚಿದ್ದರೆ, ಅಂಚಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಹಸಿರಿನ ಸುಳಿವೂ ಇರುವುದಿಲ್ಲ. ಒಂದೇ ಲಾಳಿ ಈ ತುದಿಯಿಂದ ಆ ತುದಿಗೆ ಓಡಿದ ಸೀರೆಯಾದರೆ, ಅಂಚಿನ ಕೆಂಪನ್ನು ದೊಡ್ಡದು ಮಾಡಿ ನೋಡಿದಾಗ ಹಸಿರು ಎಳೆ ಇಣುಕುತ್ತದೆ. ಅಂಚಿನ ಗೋಪುರಗಳ ಸಾಲು ಎರಡರಲ್ಲೂ ಇರಬಹುದಾದ್ದರಿಂದ, ಗೋಪುರ ಕಂಡ ಮಾತ್ರಕ್ಕೆ ಕೊರ್ವೈ ಎನ್ನಲಾಗದು.

ಇಳಕಲ್ ಸೀರೆಯ ಮೇಲಿನ ಆನೆ, ತೇರು, ತುಳಸಿಕಟ್ಟೆಗಳು ಹಲವರನ್ನು ದಾರಿ ತಪ್ಪಿಸುತ್ತವೆ. ಅವು ಕಸೂತಿ. ಸೀರೆ ಮಗ್ಗದಿಂದ ಇಳಿದ ಮೇಲೆ ಸೂಜಿಯಲ್ಲಿ ಹಾಕಿದ್ದು. ಯಾವ ಬಟ್ಟೆಯ ಮೇಲಾದರೂ ಹಾಕಬಹುದು. ಸೀರೆ ಯಾವ ಊರಿನ ನೇಯ್ಗೆ ಎಂಬುದಕ್ಕೆ ಅವು ಸಾಕ್ಷಿಯಲ್ಲ.

ಫೋಟೋ ತೆಗೆಸುವಾಗಲೂ ಸ್ವಲ್ಪ ಹಟ ಬೇಕು. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಸೀರೆ ಹಾಸಿ, ಒಡಲು, ಅಂಚು, ಸೆರಗು ಮೂರೂ ಕೂಡುವ ಮೂಲೆಯನ್ನು ಎಳೆ ಎಣಿಸುವಷ್ಟು ಹತ್ತಿರದಿಂದ, ಹಿಂದೆ ಮುಂದೆ ಎರಡೂ ಕಡೆ ತೆಗೆಯಬೇಕು. ಫ್ಲ್ಯಾಶ್ ಹಾಕಿದರೆ ಹೊಳಪಿನಲ್ಲಿ ಉಬ್ಬು ಮುಚ್ಚಿಹೋಗುತ್ತದೆ. ಮಡಿಸಿಟ್ಟ ಸೀರೆಯ ಅಂದವಾದ ಚಿತ್ರದಿಂದ ಇಲ್ಲಿ ಏನೂ ಪ್ರಯೋಜನವಿಲ್ಲ.

ಇಷ್ಟಾದರೂ ಫೋಟೋ ಎರಡು ವಿಷಯ ಹೇಳಲಾರದು. ಸೆರಗಿನ ಹೊಳಪು ರೇಷ್ಮೆಯದೋ ಕೃತಕ ರೇಷ್ಮೆಯದೋ ಎಂಬುದು ಚಿತ್ರದಲ್ಲಿ ಗೊತ್ತಾಗದು. ಒಂದೆಳೆ ಸುಟ್ಟು ನೋಡಿದರೆ ಕೂದಲು ಸುಟ್ಟ ವಾಸನೆ ಬರುವುದು ರೇಷ್ಮೆಗೆ. ಇನ್ನು ಕೊಂಡಿ ಕಂಡರೆ ಹಾಸನ್ನು ಕೊಂಡಿ ಹಾಕಿ ಜೋಡಿಸಿದ್ದಾರೆ ಎಂದಷ್ಟೇ ಅರ್ಥ. ಹಾಗೆ ಜೋಡಿಸಿದ ಹಾಸನ್ನು ಆಮೇಲೆ ನೇಯ್ದದ್ದು ಕೈಮಗ್ಗದಲ್ಲೋ ವಿದ್ಯುತ್ ಮಗ್ಗದಲ್ಲೋ ಎಂಬುದಕ್ಕೆ ಕೈಮಗ್ಗದ ಗುರುತಿನ ಚೀಟಿಯನ್ನೋ ನೇಯ್ದವರನ್ನೋ ಕೇಳಬೇಕಾಗುತ್ತದೆ.