ಗೆಳೆಯನ ಅಪ್ಪ ತೀರಿಕೊಂಡಾಗ ಮಕ್ಕಳಿಗೆ ಏನು ಹೇಳೋಣ?

ಎರಡನೇ ಕ್ಲಾಸಿನ ಹುಡುಗನೊಬ್ಬನ ಅಪ್ಪ ಹೃದಯಾಘಾತದಿಂದ ತೀರಿಕೊಂಡರು ಎಂದಿಟ್ಟುಕೊಳ್ಳಿ. ಕ್ಲಾಸಿನ ವಾಟ್ಸ್ಆಪ್ ಗ್ರೂಪಿನಲ್ಲಿ ಸುದ್ದಿ ಬಿದ್ದದ್ದೇ ತಡ, ‘ಓಂ ಶಾಂತಿ’ಗಳು ಸಾಲುಗಟ್ಟುತ್ತವೆ. ಆ ಗ್ರೂಪಿನಲ್ಲಿ ಹುಡುಗನ ಅಮ್ಮನೂ ಇದ್ದಾರೆ, ಅವರ ಫೋನು ಹುಡುಗನ ಕೈಗೂ ಸಿಗುತ್ತದೆ. ಅದಕ್ಕೇ ಟೀಚರು ಮೊದಲು ಮನೆಯವರನ್ನು ಕೇಳಬೇಕು, ಏನು ಹೇಳಬಹುದು, ಎಷ್ಟು ಹೇಳಬಹುದು ಎಂದು. ಅವರು ಒಪ್ಪಿದಷ್ಟನ್ನೇ ಬರೆದು, ಉಳಿದ ಪೋಷಕರಿಗೆ ಪ್ರತ್ಯೇಕವಾಗಿ ಕಳಿಸುವುದು ಒಳ್ಳೆಯದು:

“ನಿಮ್ಮ ಮಗುವಿನ ಸಹಪಾಠಿಯ ತಂದೆ ಭಾನುವಾರ ಹೃದಯಾಘಾತದಿಂದ ತೀರಿಕೊಂಡರು. ಮನೆಯವರ ಒಪ್ಪಿಗೆ ಪಡೆದೇ ತಿಳಿಸುತ್ತಿದ್ದೇವೆ. ತಿಥಿ ಮುಗಿದ ಮೇಲೆ ಹುಡುಗ ಶಾಲೆಗೆ ಬರುತ್ತಾನೆ. ಅಷ್ಟರೊಳಗೆ ನಿಮ್ಮ ಮಗುವಿಗೆ ನೀವೇ ವಿಷಯ ಹೇಳಿ. ಮನೆಯವರಿಗೆ ಸದ್ಯಕ್ಕೆ ಫೋನ್ ಮಾಡಬೇಡಿ.”

ಹೇಳುವುದು ಹೇಗೆ? ಏಳು ವರ್ಷದ ಆಸುಪಾಸಿನ ಎಷ್ಟೋ ಮಕ್ಕಳಿಗೆ, ಸತ್ತವರು ಮತ್ತೆ ಬರುವುದಿಲ್ಲ ಎಂಬುದು ಪೂರ್ತಿ ಮನಸ್ಸಿಗೆ ಇಳಿದಿರುವುದಿಲ್ಲ. ‘ಮಲಗಿಬಿಟ್ಟರು’ ಎಂದರೆ ಮಗು ರಾತ್ರಿ ಮಲಗಲು ಹೆದರಬಹುದು. ‘ದೂರದ ಊರಿಗೆ ಹೋದರು’ ಎಂದರೆ, ತನ್ನಪ್ಪ ಬ್ಯಾಗು ಹಿಡಿದು ಹೊರಟಾಗ ಬಾಗಿಲಿಗೆ ಅಡ್ಡ ನಿಲ್ಲಬಹುದು. “ಅವರ ಹೃದಯ ಬಡಿಯೋದು ನಿಂತುಹೋಯ್ತು. ಡಾಕ್ಟರ ಕೈಲೂ ಉಳಿಸೋಕಾಗಲಿಲ್ಲ. ಸತ್ತುಹೋದರು, ಇನ್ನು ಬರೋದಿಲ್ಲ.” ಇಷ್ಟು ನೇರವಾಗಿ ಹೇಳಿ. ದೇವರು, ಸ್ವರ್ಗದ ಮಾತು ನಿಮ್ಮ ಮನೆಯಲ್ಲಿದ್ದರೆ ಇದಾದ ಮೇಲೆ ಬರಲಿ. ‘ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ’ ಎಂದು ಮಾತ್ರ ಖಂಡಿತ ಹೇಳಬೇಡಿ; ಮಗುವಿನ ಕಣ್ಣಿಗೆ ಎಲ್ಲರಿಗಿಂತ ಒಳ್ಳೆಯವರು ನೀವೇ.

“ಅಮ್ಮಾ, ನೀನೂ ಸತ್ತೋಗ್ತೀಯಾ?” ಈ ಪ್ರಶ್ನೆ ಬಂದೇ ಬರುತ್ತದೆ, ಕೆಲವೊಮ್ಮೆ ಎರಡು ದಿನ ಬಿಟ್ಟು, ಊಟದ ನಡುವೆ. ಇಲ್ಲವೇ ಇಲ್ಲ ಎಂದು ಮಾತು ಕೊಡಬೇಡಿ. ಗೆಳೆಯನ ಅಪ್ಪನೂ ಹಾಗೇ ಅಂದಿರಬಹುದೆಂದು ಅದಕ್ಕೆ ಹೊಳೆಯುತ್ತದೆ. “ಎಲ್ರೂ ಒಂದಿನ ಸಾಯ್ತಾರೆ ಪುಟ್ಟಾ. ಆದ್ರೆ ತುಂಬಾ ಜನ ವಯಸ್ಸಾದ್ಮೇಲೆ. ನಾನು ಬಹಳ ವರ್ಷ ನಿನ್ನ ಜೊತೆ ಇರ್ತೀನಿ ಅನ್ಕೊಂಡಿದೀನಿ. ಏನೇ ಆದ್ರೂ ಅಪ್ಪ, ಅಜ್ಜಿ, ಮಾಮ ಎಲ್ಲಾ ನಿನ್ನ ನೋಡ್ಕೋತಾರೆ.” ಮಗು ಕೇಳುತ್ತಿರುವುದು ಬಹುಪಾಲು ಈ ಕೊನೆಯ ಮಾತನ್ನೇ, ತನ್ನನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು.

ಕ್ರಿಯಾಕರ್ಮ ಮಾಡಿದ ಹುಡುಗ ತಲೆ ಬೋಳಿಸಿಕೊಂಡು ಬರಬಹುದು. ಮೊದಲೇ ಹೇಳಿರದಿದ್ದರೆ ಕ್ಲಾಸು ಗೊಳ್ಳೆಂದು ನಗುತ್ತದೆ. ಮನೆಯಲ್ಲಿ ದೊಡ್ಡವರು ಆಡಿಕೊಳ್ಳುವ ಸೂತಕದ ಮಾತು ಕೂಡ ಬೆಂಚಿನವರೆಗೆ ಬಂದು, ಅವನ ಪಕ್ಕ ಯಾರೂ ಕೂರದಂತೆ ಮಾಡಬಹುದು. “ನಿಮ್ಮಪ್ಪ ಹೋಗ್ಬಿಟ್ರಂತೆ, ಬೇಜಾರಾಯ್ತು ಕಣೋ. ಆಟಕ್ಕೆ ಬರ್ತೀಯಾ?” ಅಷ್ಟನ್ನು ಹೇಳಿಕೊಡಿ, ಸಾಕು. ಹೇಗಾಯ್ತು, ನೀನು ನೋಡಿದ್ಯಾ ಎಂದು ಕೆದಕುವುದು ಬೇಡ. ಅವನು ನಕ್ಕು ಆಡಿದರೆ ಅಪ್ಪನನ್ನು ಮರೆತನೆಂದಲ್ಲ. ಮಕ್ಕಳ ದುಃಖ ಬಂದು ಹೋಗಿ ಮತ್ತೆ ಬರುತ್ತದೆ.

ನಿಮ್ಮ ಮಗುವೇ ಕೆಲವು ದಿನ ನಿಮಗೆ ಅಂಟಿಕೊಂಡಿದ್ದರೆ, ರಾತ್ರಿ ಎದ್ದು ಅತ್ತರೆ ಗಾಬರಿ ಬೇಡ. ವಾರಗಳು ಕಳೆದರೂ ಹೊಟ್ಟೆನೋವು, ಹಾಸಿಗೆ ಒದ್ದೆ, ಶಾಲೆ ಬೇಡವೆನ್ನುವ ಹಟ ನಿಲ್ಲದಿದ್ದರೆ ಟೀಚರಿಗೆ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.