ಅಂಕಿ ಸರಿ, ಮನೆ ತಪ್ಪು

ಪಾಸ್‌ಬುಕ್ ಪುಟವನ್ನು ಸ್ಕ್ಯಾನ್ ಮಾಡಿದರೆ ಅಕ್ಷರ, ಅಂಕಿಗಳು ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತವೆ. ಆದರೂ ಲೆಕ್ಕ ಕಲಸಿಹೋಗುವುದೇಕೆ?

ಅಕ್ಷರ ಗುರುತಿಸುವ ತಂತ್ರಾಂಶ ಸಾಲನ್ನು ಎಡದಿಂದ ಬಲಕ್ಕೆ ಓದುತ್ತದೆ, ಅಷ್ಟೆ. ‘ನಗದು 5,000 17,000’ ಎಂದು ಬರೆದುಕೊಟ್ಟು ಸುಮ್ಮನಾಗುತ್ತದೆ. ಆ 5,000 ಖಾತೆಗೆ ಬಂದದ್ದೋ, ಹೋದದ್ದೋ? ಉತ್ತರವಿರುವುದು ಪಕ್ಕದ ಖಾಲಿ ಜಾಗದಲ್ಲಿ. ಅಲ್ಲಿ ಓದಲು ಅಕ್ಷರವೇ ಇಲ್ಲ.

ಚಿತ್ರಮಂದಿರದಲ್ಲಿ ಯಾರ್‍ಯಾರು ಇದ್ದಾರೆಂದು ಹೇಳುವುದು ಬೇರೆ, ಯಾರು ಯಾವ ಸಾಲಿನ ಎಷ್ಟನೇ ಸೀಟಿನಲ್ಲಿದ್ದಾರೆ, ಯಾವ ಸೀಟು ಖಾಲಿ ಎಂದು ಹೇಳುವುದು ಬೇರೆ. ಕೋಷ್ಟಕ ಗುರುತಿಸುವಿಕೆ ಎರಡನೆಯ ಕೆಲಸ.

ಅದು ಮೊದಲು ಪುಟದಲ್ಲಿ ಕೋಷ್ಟಕ ಎಲ್ಲಿದೆಯೆಂದು ಹುಡುಕುತ್ತದೆ. ಬಳಿಕ ಗೆರೆಗಳಿಂದ, ಗೆರೆಯಿಲ್ಲದಿದ್ದರೆ ಮೇಲಿಂದ ಕೆಳಗೆ ಹರಿದ ಬಿಳಿ ಅಂತರಗಳಿಂದ, ಅಡ್ಡಸಾಲು ಮತ್ತು ಕಂಬಸಾಲುಗಳನ್ನು ಗೊತ್ತುಮಾಡುತ್ತದೆ. ಕೊನೆಗೆ ಪ್ರತಿ ಅಂಕಿಯನ್ನೂ ಅದರ ಮನೆಗೆ ಸೇರಿಸಿ, ಖಾಲಿ ಮನೆಯನ್ನು ಖಾಲಿಯಾಗಿಯೇ ಉಳಿಸುತ್ತದೆ. ಆಗ 5,000 ‘ಜಮಾ’ ಶೀರ್ಷಿಕೆಯಡಿ ಕೂರುತ್ತದೆ.

ಇದೂ ಎಡವುವುದುಂಟು. ವಿವರ ಉದ್ದವಾಗಿ ಎರಡು ಸಾಲಿಗೆ ಇಳಿದರೆ, ಒಂದೇ ವ್ಯವಹಾರವನ್ನು ಎರಡೆಂದು ಎಣಿಸಬಹುದು.

ಪಾಸ್‌ಬುಕ್ಕಿನಲ್ಲಿ ತಪ್ಪು ಹಿಡಿಯುವುದು ಸುಲಭ. ಹಿಂದಿನ ಶಿಲ್ಕು 12,000 ಇದ್ದರೆ ಜಮಾ ಸೇರಿ 17,000 ಆಗಬೇಕು. 5,000 ‘ಖರ್ಚು’ ಮನೆಗೆ ಹೋಗಿದ್ದರೆ 7,000 ಬರುತ್ತದೆ, ಮುದ್ರಿತ ಶಿಲ್ಕಿಗೆ ತಾಳೆಯಾಗುವುದಿಲ್ಲ. ಸ್ಕ್ಯಾನ್ ಮಾಡಿದ ಲೆಕ್ಕ ಬಳಸುವ ಮುನ್ನ ಈ ಕೂಡುವ-ಕಳೆಯುವ ಪರೀಕ್ಷೆಯನ್ನು ಪ್ರತಿ ಸಾಲಿಗೂ ಮಾಡಿ ನೋಡಿ.