ಬೋರ್ಡಿನ ಫೋಟೊ ಓದುವ ನೋಟ್ಸ್ ಆಗುವುದು ಹೇಗೆ?

ಟ್ಯೂಷನ್ ಮುಗಿದು ಮೇಷ್ಟ್ರು ಡಸ್ಟರ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಹತ್ತಾರು ಮೊಬೈಲುಗಳು ಮೇಲೇಳುತ್ತವೆ. ಬೋರ್ಡಿನ ಫೋಟೊ ಸಿಕ್ಕಿತು, ಇನ್ನು ಬರೆದುಕೊಳ್ಳುವ ತಾಪತ್ರಯವಿಲ್ಲ ಎಂದುಕೊಂಡು ಮಕ್ಕಳು ಮನೆಗೆ ಹೊರಡುತ್ತಾರೆ. ಪರೀಕ್ಷೆಗೆ ವಾರವಿರುವಾಗ ಅದನ್ನೇ ತೆರೆದರೆ ಅಕ್ಷರಗಳೇನೋ ಕಾಣುತ್ತವೆ, ಆದರೆ ಯಾವುದರಿಂದ ಯಾವುದು ಹುಟ್ಟಿತು ಎಂಬುದು ತಿಳಿಯುವುದಿಲ್ಲ. ಪಾಠ ಮಾಡುವವರು ಬೋರ್ಡಿನಲ್ಲಿ ಜಾಗ ಸಿಕ್ಕ ಕಡೆ ಬರೆಯುತ್ತಾರೆ, ಅರ್ಧ ಮಾತನ್ನು ಬಾಯಲ್ಲೇ ಹೇಳಿ ಮುಂದೆ ಹೋಗುತ್ತಾರೆ. ಆ ಜಾಗದ ಕ್ರಮವನ್ನು ವಿಷಯದ ಕ್ರಮಕ್ಕೆ ತಿರುಗಿಸುವುದೇ ನೋಟ್ಸ್ ಮಾಡುವವರ ನಿಜವಾದ ಕೆಲಸ.

ದ್ವಿತೀಯ ಪಿಯುಸಿ ಭೌತಶಾಸ್ತ್ರದ ಓಮ್ ನಿಯಮದ ಪಾಠವನ್ನೇ ತೆಗೆದುಕೊಳ್ಳೋಣ. ಇಂಥ ತರಗತಿಯ ಬೋರ್ಡು ಸಾಮಾನ್ಯವಾಗಿ ಹೀಗಿರುತ್ತದೆ: ಎಡಗಡೆ ಮೇಲೆ `V ∝ I`, ಅದರಡಿ `V = IR`, ಮೂಲೆಯಲ್ಲಿ ಚಿಕ್ಕದಾಗಿ `T const`. ನಡುವೆ `R = ρl/A`. ಬಲಗಡೆ ‘ಮಿತಿಗಳು’ ಎಂಬ ಪದ, ಡಯೋಡಿನ ಒಂದು ಗ್ರಾಫ್. ಅದರ ಕೆಳಗೆ ಉಳಿದ ಜಾಗದಲ್ಲಿ ಚೌಕದೊಳಗೆ ಒಂದು ಸಾಲು: ತಂತಿಯನ್ನು ಎರಡರಷ್ಟು ಉದ್ದಕ್ಕೆ ಎಳೆದರೆ `R → 4R`.

ಮೊದಲು ಫೋಟೊ ಚೆನ್ನಾಗಿ ಬರಬೇಕು. ವೈಟ್‌ಬೋರ್ಡಿನ ಮೈ ನುಣುಪಾದ್ದರಿಂದ ನೇರ ಎದುರಿಗೆ ನಿಂತರೆ ಟ್ಯೂಬ್‌ಲೈಟಿನ ಬೆಳಕು ಮಧ್ಯದಲ್ಲೇ ಬಿಳಿ ಪಟ್ಟಿಯಾಗಿ ಕೂರುತ್ತದೆ, ಅದರ ಕೆಳಗಿನ ಅಕ್ಷರ ಮತ್ತೆ ಸಿಗುವುದಿಲ್ಲ. ಫ್ಲಾಶ್ ಹಾಕಿದರೆ ಇನ್ನೂ ಕೆಟ್ಟದಾಗುತ್ತದೆ. ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು, ಫ್ಲಾಶ್ ಆರಿಸಿ ತೆಗೆಯಬೇಕು. ಓರೆಯಾಗಿ ಬಂದ ಬೋರ್ಡನ್ನು ಮೊಬೈಲಿನ ಸ್ಕ್ಯಾನ್ ಆ್ಯಪ್ ನಾಲ್ಕು ಮೂಲೆ ಹಿಡಿದು ನೆಟ್ಟಗೆ ಮಾಡಿಕೊಡುತ್ತದೆ. ಬೋರ್ಡು ಅಗಲವಾಗಿದ್ದರೆ ಎಡ, ನಡು, ಬಲ ಎಂದು ಮೂರು ಫೋಟೊ ತೆಗೆಯಿರಿ. ಪ್ರತಿಯೊಂದೂ ಪಕ್ಕದ್ದರ ಸ್ವಲ್ಪ ಭಾಗವನ್ನು ಒಳಗೊಂಡಿರಲಿ, ಆಗ ಜೋಡಿಸುವಾಗ ನಡುವೆ ಒಂದು ಸಾಲೂ ತಪ್ಪುವುದಿಲ್ಲ. ಸ್ಕ್ಯಾನ್ ಆ್ಯಪ್‌ನ ಕಪ್ಪು-ಬಿಳುಪು ಆಯ್ಕೆಯನ್ನು ಮಾತ್ರ ನಾನು ಬಳಸಬೇಡಿ ಎನ್ನುತ್ತೇನೆ. ಇಂಕು ಮುಗಿಯುತ್ತ ಬಂದ ಕೆಂಪು, ಹಸಿರು ಮಾರ್ಕರಿನ ಗೆರೆಗಳು ಅದರಲ್ಲಿ ಬಿಳಿಯೊಳಗೆ ಕರಗಿಹೋಗುತ್ತವೆ. ಮೇಷ್ಟ್ರು ಮುಖ್ಯವಾದದ್ದಕ್ಕೆ ಅಡಿಗೆರೆ ಎಳೆದಿರುವುದು ಹೆಚ್ಚಾಗಿ ಆ ಬಣ್ಣಗಳಲ್ಲೇ.

ಇನ್ನು ಬರಹ. ಇಲ್ಲಿ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿಯೇ ಮಾಡಬೇಕು. ಮೊದಲ ಸುತ್ತಿನಲ್ಲಿ ಬೋರ್ಡಿನಲ್ಲಿ ಇದ್ದದ್ದನ್ನು ಇದ್ದಂತೆಯೇ ರಫ್ ಹಾಳೆಗೆ ಇಳಿಸಿಕೊಳ್ಳುವುದು. ಓದಲಾಗದ ಕಡೆ ಊಹೆ ಬೇಡ, ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸಾಕು. ಫೋಟೊದಿಂದ ಅಕ್ಷರ ಎತ್ತಿಕೊಡುವ ಆ್ಯಪ್ ಬಳಸುವವರು ಈ ಹಂತದಲ್ಲಿ ಇನ್ನೂ ಎಚ್ಚರವಾಗಿರಬೇಕು. ಅಚ್ಚಿನ ಅಕ್ಷರವನ್ನು ಸಲೀಸಾಗಿ ಓದುವ ಆ ಆ್ಯಪ್‌ಗಳು ಕೈಬರಹದ ಸೂತ್ರದಲ್ಲಿ ಎಡವುತ್ತವೆ. ನಮ್ಮ ಸೂತ್ರದಲ್ಲೇ `ρ` ಎಂಬ ಗ್ರೀಕ್ ಅಕ್ಷರ `p` ಆಗಬಹುದು, ಉದ್ದವನ್ನು ಸೂಚಿಸುವ `l` ಒಂದು ಎಂಬ ಅಂಕಿಯಾಗಬಹುದು. ಆಗ ಸೂತ್ರ `R = ρ1/A` ಆಗುತ್ತದೆ, ಅಂದರೆ ತಂತಿಯ ಉದ್ದವೇ ಲೆಕ್ಕದಿಂದ ಮಾಯ. ಕಣ್ಣಿಗೆ ಈ ತಪ್ಪು ಕಾಣುವುದಿಲ್ಲ, ಏಕಮಾನ ಹಾಕಿ ನೋಡಿದರೆ ಸಿಕ್ಕಿಬೀಳುತ್ತದೆ. ರೋಧಶೀಲತೆಯ ಏಕಮಾನ ಓಮ್ ಮೀಟರ್. ಅದನ್ನು ಉದ್ದದ ಮೀಟರಿನಿಂದ ಗುಣಿಸಿ, ವಿಸ್ತೀರ್ಣದ ಚದರ ಮೀಟರಿನಿಂದ ಭಾಗಿಸಿದರೆ ಬರೀ ಓಮ್ ಉಳಿಯುತ್ತದೆ. ರೋಧದ ಏಕಮಾನ ಅದೇ ತಾನೆ. ಉದ್ದ ಬಿಟ್ಟುಹೋದ ಸೂತ್ರದಲ್ಲಿ ಓಮ್ ಬರುವುದಿಲ್ಲ, ಮೀಟರಿಗೆ ಇಷ್ಟು ಓಮ್ ಎಂದು ಬರುತ್ತದೆ. ಸೂತ್ರ ಇಳಿಸಿಕೊಂಡ ಕೂಡಲೇ ಹೀಗೆ ತಾಳೆ ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಎರಡನೆಯ ಸುತ್ತಿನಲ್ಲಿ ಜೋಡಣೆ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದು ಅರ್ಥವಾಗಲು ಮೊದಲು ಏನು ಗೊತ್ತಿರಬೇಕು? ಯಾವುದರ ಮೇಲೆ ಅದು ನಿಂತಿದೆಯೋ ಅದರ ಕೆಳಗೇ ಅದರ ಜಾಗ. ಚೌಕದೊಳಗಿನ `R → 4R` ಸಾಲನ್ನು ನೋಡಿ. ಫೋಟೊದಲ್ಲಿ ಅದು ‘ಮಿತಿಗಳು’ ಎಂಬ ಪದದ ಕೆಳಗಿದೆ. ಕಂಡ ಕ್ರಮದಲ್ಲೇ ಬರೆದುಕೊಂಡವರು ಇದನ್ನೂ ಓಮ್ ನಿಯಮದ ಒಂದು ಮಿತಿಯೆಂದೇ ಓದುತ್ತಾರೆ. ಆದರೆ ತಂತಿಯನ್ನು ಎಳೆದಾಗ ಅದರ ಗಾತ್ರ ಹೆಚ್ಚುಕಡಿಮೆಯಾಗುವುದಿಲ್ಲ. ಉದ್ದ ಎರಡರಷ್ಟಾದರೆ ಅಡ್ಡಕೊಯ್ತದ ವಿಸ್ತೀರ್ಣ ಅರ್ಧವಾಗುತ್ತದೆ, ಎರಡೂ ಸೇರಿ ರೋಧ ನಾಲ್ಕರಷ್ಟಾಗುತ್ತದೆ. ಇದು `R = ρl/A` ಸೂತ್ರದಿಂದಲೇ ಬಂದ ಉದಾಹರಣೆ, ನಿಯಮದ ಮಿತಿಗೂ ಇದಕ್ಕೂ ಸಂಬಂಧವಿಲ್ಲ.

ಜೋಡಣೆ ಮುಗಿದ ಪುಟ ಹೀಗೆ ಕಾಣುತ್ತದೆ:

```
1. ಓಮ್ ನಿಯಮ
   ವ್ಯಾಖ್ಯೆ: ತಾಪ ಮತ್ತು ಇತರ ಭೌತಿಕ ಸ್ಥಿತಿಗಳು
   ಬದಲಾಗದಿದ್ದಾಗ, ವಾಹಕದಲ್ಲಿ ಹರಿಯುವ ವಿದ್ಯುತ್
   ಪ್ರವಾಹ ಅದರ ತುದಿಗಳ ನಡುವಿನ
   ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ.
   1.1 ಸೂತ್ರ: V = IR
   1.2 ಮಿತಿ: ಡಯೋಡ್ (ಗ್ರಾಫ್ ಸರಳರೇಖೆಯಲ್ಲ)
2. ರೋಧ ಯಾವುದನ್ನು ಅವಲಂಬಿಸಿದೆ?
   2.1 ಸೂತ್ರ: R = ρl/A
   2.2 ಉದಾ: ಎರಡರಷ್ಟು ಎಳೆದರೆ l → 2l,
       A → A/2, ಆದ್ದರಿಂದ R → 4R
```

ಹೊರಗಿನ ಅಂಚಿನಲ್ಲಿ ಶೀರ್ಷಿಕೆ, ಒಂದು ಹೆಜ್ಜೆ ಒಳಗೆ ಅದರ ಅಂಶಗಳು. ಮೂರನೆಯ ಮೆಟ್ಟಿಲಿಗಿಂತ ಒಳಗೆ ಹೋಗಬೇಕಾಗಿ ಬಂದರೆ ಸಾಮಾನ್ಯವಾಗಿ ಒಂದೇ ಶೀರ್ಷಿಕೆಯಡಿ ಎರಡು ವಿಷಯ ಸೇರಿಕೊಂಡಿವೆ ಎಂದರ್ಥ, ಒಡೆದು ಬೇರೆ ಮಾಡಿ. ಎರಡನೆಯ ಶೀರ್ಷಿಕೆಯನ್ನು ಬೇಕೆಂದೇ ಪ್ರಶ್ನೆಯಾಗಿ ಬರೆದಿದ್ದೇನೆ. ‘ರೋಧ’ ಎಂದಷ್ಟೇ ಬರೆದರೆ ಅದರಡಿ ಏನನ್ನು ಬೇಕಾದರೂ ತುರುಕಬಹುದು. ಪ್ರಶ್ನೆ ಇದ್ದರೆ ಅದಕ್ಕೆ ಉತ್ತರವಲ್ಲದ ಸಾಲು ತಾನಾಗಿ ಹೊರಗುಳಿಯುತ್ತದೆ.

ಬಣ್ಣದ ಪೆನ್ನನ್ನು ಎಲ್ಲಿ ಹಾಯಿಸಬೇಕು ಎಂಬುದರಲ್ಲಿ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ: ವ್ಯಾಖ್ಯೆಗೆ ಮಾತ್ರ. ಸೂತ್ರ, ಉದಾಹರಣೆ, ಮಿತಿ ಎಲ್ಲಕ್ಕೂ ಹಳದಿ ಬಳಿದರೆ ಪುಟದಲ್ಲಿ ಯಾವುದೂ ಎದ್ದು ಕಾಣುವುದಿಲ್ಲ. ಬಣ್ಣ ಹಚ್ಚುವ ಮುನ್ನ ಆ ವ್ಯಾಖ್ಯೆ ಪೂರ್ಣವಾಗಿದೆಯೇ ಎಂದು ನೋಡಬೇಕು. ಬೋರ್ಡಿನಲ್ಲಿ ಇದ್ದದ್ದು `V ∝ I` ಎಂಬ ಮೂರು ಚಿಹ್ನೆ, ಮೂಲೆಯಲ್ಲಿ `T const`. ಆ ಮೂಲೆಯ ತುಣುಕು ಫೋಟೊದ ಅಂಚಿನಲ್ಲಿ ಕತ್ತರಿಸಿಹೋದರೆ ನಿಯಮದ ಷರತ್ತೇ ಹೋದಂತೆ. ಉರಿಯುತ್ತಿರುವ ಬಲ್ಬಿನ ಟಂಗ್‌ಸ್ಟನ್ ತಂತಿ ಬಿಸಿಯಾದಂತೆ ಅದರ ರೋಧ ಏರುತ್ತದೆ. ಷರತ್ತಿಲ್ಲದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಅಲ್ಲಿ ವಿಭವಾಂತರವನ್ನು ಎರಡರಷ್ಟು ಮಾಡಿದರೂ ಪ್ರವಾಹ ಏಕೆ ಎರಡರಷ್ಟಾಗಲಿಲ್ಲ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ವ್ಯಾಖ್ಯೆಯನ್ನೂ ಪಠ್ಯಪುಸ್ತಕದ ಪಕ್ಕ ಇಟ್ಟು, ‘ಇದ್ದಾಗ’, ‘ಮಾತ್ರ’, ‘ಏಕಮಾನ’ ಎಂಬಂಥ ಪದಗಳು ಬಿಟ್ಟುಹೋಗಿವೆಯೇ ಎಂದು ನೋಡಿ ತುಂಬಿಕೊಳ್ಳಬೇಕು. ಬೋರ್ಡಿನಲ್ಲಿ ಇಲ್ಲದೆ ಪುಸ್ತಕದಿಂದ ಸೇರಿಸಿದ್ದನ್ನು ಪೆನ್ಸಿಲಿನಲ್ಲಿ ಬರೆದರೆ ಯಾವುದು ಮೇಷ್ಟ್ರದ್ದು, ಯಾವುದು ನಮ್ಮದು ಎಂಬ ಗೊಂದಲ ಮುಂದೆ ಬರುವುದಿಲ್ಲ.

ಗ್ರಾಫನ್ನು ಫೋಟೊದಿಂದ ಕತ್ತರಿಸಿ ಅಂಟಿಸುವುದಕ್ಕಿಂತ ಕೈಯಾರೆ ಬರೆಯುವುದು ಲೇಸು. ಅಡ್ಡ ಅಕ್ಷದಲ್ಲಿ `V` ಇದೆಯೋ `I` ಇದೆಯೋ ಎಂಬುದನ್ನು ಆಗ ನೋಡಲೇಬೇಕಾಗುತ್ತದೆ. ಅದು ಅದಲು ಬದಲಾದರೆ ಅದೇ ರೇಖೆಯ ಇಳಿಜಾರು ಒಂದು ಕಡೆ ರೋಧವನ್ನು ಕೊಡುತ್ತದೆ, ಇನ್ನೊಂದು ಕಡೆ `1/R` ಅನ್ನು.

ಇದೆಲ್ಲವನ್ನೂ ಪಾಠವಾದ ದಿನ ಸಂಜೆಯೇ ಮಾಡುವುದು ಒಳ್ಳೆಯದು, ಮೇಷ್ಟ್ರು ಬಾಯಲ್ಲಿ ಹೇಳಿದ್ದು ಆಗ ಇನ್ನೂ ಕಿವಿಯಲ್ಲಿರುತ್ತದೆ. ಪುಟದ ಮೂಲೆಯಲ್ಲಿ ಫೋಟೊದ ದಿನಾಂಕ ಬರೆದಿಡಿ, ಮುಂದೆ ಅನುಮಾನ ಬಂದರೆ ಮೂಲವನ್ನು ಹುಡುಕಬಹುದು. ಪ್ರಶ್ನಾರ್ಥಕ ಚಿಹ್ನೆ ಹಾಗೇ ಉಳಿದಿರುವ ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮರುದಿನ ತರಗತಿಗೆ ಒಯ್ಯಿರಿ.